ಹಾಡಿನಿಂದ ದನಿಯನ್ನು ಕಳೆದರೆ ಉಳಿಯುವುದೆಷ್ಟು?

ಕರೋಕೆ ಅಂದ ಕೂಡಲೇ ನಮಗೆ ನೆನಪಾಗುವುದು ಮದುವೆ ಮನೆ ಅಥವಾ ಆಫೀಸ್ ಪಾರ್ಟಿಯ ಮೈಕು. ನಾಲ್ಕು ಜನರೆದುರು ಬಾಯಿ ತೆರೆಯಲು ನಾಚುವವರಿಗೂ ಅದಕ್ಕೂ ಏನು ಸಂಬಂಧ ಅನ್ನಿಸಬಹುದು. ಆದರೆ ಅದರ ಹುಟ್ಟಿನ ಕಥೆ ನೋಡಿದರೆ ತಮಾಷೆಯೆನಿಸುತ್ತದೆ. ಟೋಕಿಯೊದಲ್ಲಿ ಸಣ್ಣ ಎಲೆಕ್ಟ್ರಾನಿಕ್ಸ್ ಕಂಪನಿ ನಡೆಸುತ್ತಿದ್ದ ಶಿಗೆಯಿಚಿ ನೆಗಿಶಿ ಎಂಬಾತ ಹಾಡು ಗುನುಗುತ್ತಾ ಕೆಲಸಕ್ಕೆ ಬಂದಾಗ, ಕೈಕೆಳಗಿನವನೊಬ್ಬ ಗೇಲಿ ಮಾಡಿದನಂತೆ. ಹಿಂದೆ ವಾದ್ಯ ಇದ್ದಿದ್ದರೆ ನನ್ನ ಹಾಡೂ ಚೆನ್ನಾಗಿಯೇ ಕೇಳುತ್ತಿತ್ತು ಅಂತ ಆತ ಟೇಪ್, ಮೈಕು, ಸ್ಪೀಕರ್ ಸೇರಿಸಿ 1967ರಲ್ಲಿ 'ಸ್ಪಾರ್ಕೊ ಬಾಕ್ಸ್' ಮಾಡಿದ. ಕೋಬೆಯ ಡೈಸುಕೆ ಇನೋವೆ ಇದರ ಅರಿವಿಲ್ಲದೆಯೇ 1971ರಲ್ಲಿ ತನ್ನದೇ ಯಂತ್ರ ಮಾಡಿದ. ಅದರ ಬೀಜವೂ ಅಂಥದ್ದೇ. ಹಾಡಲು ಅಷ್ಟಾಗಿ ಬಾರದ ಗಿರಾಕಿಯೊಬ್ಬನ ಪ್ರವಾಸಕ್ಕೆ ಜೊತೆಗೆ ಹೋಗಲಾಗದೆ, ಅವನ ದನಿಗೆ ಹೊಂದುವಂತೆ ವಾದ್ಯ ನುಡಿಸಿ ಟೇಪು ಮಾಡಿಕೊಟ್ಟಿದ್ದ. ಅಂದರೆ ಕರೋಕೆ ಹುಟ್ಟಿದ್ದೇ ನಮ್ಮಂಥವರಿಗಾಗಿ :)

ಇನೋವೆಗೆ ಒಂದು ಅನುಕೂಲವಿತ್ತು. ಅವನೇ ವಾದ್ಯಗಾರ, ಬೇಕಾದ ಹಾಡಿನ ಹಿನ್ನೆಲೆಯನ್ನು ಹೊಸದಾಗಿ ನುಡಿಸಿ ರೆಕಾರ್ಡ್ ಮಾಡಬಲ್ಲವನಾಗಿದ್ದ. ಇಂದಿಗೂ ಕರೋಕೆ ಆ್ಯಪ್‌ಗಳಲ್ಲಿ ಜನಪ್ರಿಯ ಹಾಡುಗಳಿಗೆ ಹೀಗೆ ಯಾರೋ ಕೂತು ನುಡಿಸಿದ ಟ್ರ್ಯಾಕ್ ಸಿಗುತ್ತದೆ. ನಮಗೆ ಬೇಕಿರುವುದು 1960ರ ದಶಕದ, ಯಾರೂ ಟ್ರ್ಯಾಕ್ ಮಾಡದ ಒಂದು ಕನ್ನಡ ಚಿತ್ರಗೀತೆಯಾದರೆ? ಆಗ ಮೂಲ ಹಾಡಿನಿಂದಲೇ ಗಾಯಕರ ದನಿಯನ್ನು ತೆಗೆಯಬೇಕು. ಇದನ್ನು ಮಾಡಲು ಹೊರಟವರ ಇತಿಹಾಸವೇ ಈ ಲೇಖನ.

ಮೊದಲ ಉಪಾಯ ಬರೀ ಕಳೆಯುವ ಲೆಕ್ಕ. ಸ್ಟೀರಿಯೊ ಹಾಡಿನಲ್ಲಿ ಗಾಯಕರ ದನಿಯನ್ನು ಸಾಮಾನ್ಯವಾಗಿ ನಡುವೆ ಇಡುತ್ತಾರೆ, ಅಂದರೆ ಎಡ ಬಲ ಎರಡರಲ್ಲೂ ಅದು ಒಂದೇ ಸಮ. ಎಡಗಡೆ ದನಿ ಮತ್ತು ಕೊಳಲು, ಬಲಗಡೆ ದನಿ ಮತ್ತು ಪಿಟೀಲು ಇದೆ ಅಂದುಕೊಳ್ಳಿ. ಎಡದಿಂದ ಬಲವನ್ನು ಕಳೆದರೆ ದನಿ ದನಿಗೆ ವಜಾ, ಕೊಳಲು ಪಿಟೀಲು ಉಳಿಯುತ್ತವೆ. ಅಮೆರಿಕದಲ್ಲಿ 'ಥಾಂಪ್ಸನ್ ವೋಕಲ್ ಎಲಿಮಿನೇಟರ್' ಎಂಬ ಪೆಟ್ಟಿಗೆಯನ್ನು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಮಾರುತ್ತಿದ್ದರು. ಅದರ ತಿರುಳೂ ಈ ನಡುವಿನ ದನಿಯನ್ನು ಕಳೆಯುವುದೇ. ಸಾಕ್ಸ್ ಎಂಬ ಹಳೆಯ ಉಚಿತ ಸಾಫ್ಟ್‌ವೇರಿನಲ್ಲಿ ಇದು ಒಂದೇ ಸಾಲು:

```
sox song.wav karaoke.wav oops
```

'ಊಪ್ಸ್' ಅಂದರೆ ಅಯ್ಯೋ ಅಲ್ಲ, 'ಔಟ್ ಆಫ್ ಫೇಸ್ ಸ್ಟೀರಿಯೊ' ಎಂಬುದರ ಮೊದಲಕ್ಷರಗಳು. ಹೆಸರು ಮಾತ್ರ ಸರಿಯಾಗಿಯೇ ಇದೆ. ಯಾಕೆಂದರೆ ಈ ಲೆಕ್ಕಕ್ಕೆ ದನಿ ಯಾವುದು, ತಾಳ ಯಾವುದು ಎಂಬ ಅರಿವೇ ಇಲ್ಲ. ನಡುವೆ ಇದ್ದದ್ದೆಲ್ಲ ಹೋಗುತ್ತದೆ. ಬೇಸ್ ಮತ್ತು ಡ್ರಮ್ಮಿನ ಗುದ್ದು ಸಾಮಾನ್ಯವಾಗಿ ನಡುವೆಯೇ ಇರುವುದರಿಂದ ಅವೂ ಮಾಯ. ಇನ್ನೊಂದೆಡೆ, ದನಿಗೆ ಹಾಕಿದ ಪ್ರತಿಧ್ವನಿ ಎಡಬಲಕ್ಕೆ ಬೇರೆಬೇರೆಯಾಗಿ ಹರಡಿರುವುದರಿಂದ ಅದು ಕಳೆಯುವುದಿಲ್ಲ. ಗಾಯಕರು ಬಾವಿಯೊಳಗಿಂದ ಹಾಡುತ್ತಿರುವಂತೆ ಕೇಳುತ್ತಿರುತ್ತದೆ.

ಈಗ ನಮ್ಮ ಹಳೆಯ ಚಿತ್ರಗೀತೆಯನ್ನು ಇದಕ್ಕೆ ಕೊಟ್ಟು ನೋಡಿ. ಬರುವ ಫಲಿತಾಂಶ ಪೂರ್ತಿ ಮೌನ, ಅಥವಾ ಬರೀ ಒಂದಿಷ್ಟು ಚರಚರ! ಫೈಲು ಕೆಟ್ಟಿಲ್ಲ. ಆ ಹಾಡು ಮುದ್ರಣವಾದದ್ದೇ ಮೋನೊದಲ್ಲಿ. ಸಿ.ಡಿ.ಗೋ ಎಂಪಿ3ಗೋ ತರುವಾಗ ಅದೇ ಒಂದು ಶಬ್ದವನ್ನು ಎಡಕ್ಕೂ ಬಲಕ್ಕೂ ನಕಲು ಮಾಡಿರುತ್ತಾರೆ. ಐದರಿಂದ ಐದು ಕಳೆದರೆ ಸೊನ್ನೆ ತಾನೆ? ನಿಮ್ಮ ಹತ್ತಿರ ಇರುವ ಹಾಡು ನಿಜವಾದ ಸ್ಟೀರಿಯೊ ಹೌದೋ ಅಲ್ಲವೋ ಎಂದು ಪತ್ತೆ ಹಚ್ಚಲು ಇದೇ ಒಳ್ಳೆಯ ಪರೀಕ್ಷೆ. ಆದರೆ ನಮ್ಮ ಹಳೆಯ ಹಾಡುಗಳ ದೊಡ್ಡದೊಂದು ಪಾಲು ಈ ಉಪಾಯದ ಕೈಗೆ ಎಂದೂ ಸಿಗುವಂತಿರಲಿಲ್ಲ.

ಎರಡನೆಯ ಉಪಾಯ ಎಲ್ಲರ ಕೈಗೆ ಬಂದದ್ದು 2019ರ ನವೆಂಬರಿನಲ್ಲಿ. ಫ್ರಾನ್ಸಿನ ಸಂಗೀತ ಕಂಪನಿ ಡೀಜರ್ ತನ್ನ 'ಸ್ಪ್ಲೀಟರ್' ಎಂಬ ತಂತ್ರಾಂಶವನ್ನು ಮೂಲ ಕೋಡಿನ ಸಮೇತ ಬಿಟ್ಟುಕೊಟ್ಟಿತು. ಇದು ಎಡಬಲ ನೋಡಿ ಕಳೆಯುವುದಿಲ್ಲ. ಹಾಡನ್ನು ಸಣ್ಣ ಸಣ್ಣ ಕ್ಷಣಗಳಾಗಿ ತುಂಡರಿಸಿ, ಪ್ರತಿ ಕ್ಷಣದಲ್ಲಿ ಯಾವ ಕಂಪನಾಂಕ ಎಷ್ಟು ಜೋರಾಗಿದೆ ಎಂಬ ಚಿತ್ರ ಬಿಡಿಸುತ್ತದೆ. ಬೇರೆಬೇರೆಯಾಗಿ ಮುದ್ರಿಸಿದ ದನಿ, ವಾದ್ಯಗಳ ಸಾವಿರಾರು ಉದಾಹರಣೆಗಳಿಂದ ಕಲಿತ ಜಾಲವೊಂದು ಆ ಚಿತ್ರದ ಒಂದೊಂದು ಚುಕ್ಕಿಯಲ್ಲೂ ದನಿಯ ಪಾಲೆಷ್ಟು, ವಾದ್ಯದ ಪಾಲೆಷ್ಟು ಎಂದು ಅಂದಾಜು ಮಾಡುತ್ತದೆ. ಹಾಗಾಗಿ ಮೋನೊ ಹಾಡಿಗೂ ಇದು ನಡೆಯುತ್ತದೆ.

```
spleeter separate -p spleeter:2stems -o output song.mp3
```

ಇಷ್ಟು ಕೊಟ್ಟರೆ `vocals.wav`, `accompaniment.wav` ಎಂಬ ಎರಡು ಫೈಲು ಸಿಗುತ್ತವೆ. ಈಗ ಫೋನಿನಲ್ಲಿ ದನಿ ಬೇರ್ಪಡಿಸುವ ಆ್ಯಪ್‌ಗಳು ಮಾಡುವುದೂ ಇದೇ ಜಾತಿಯ ಕೆಲಸ, ಗುಂಡಿಗಳು ಮಾತ್ರ ಚೆಂದ. ಮಿತಿಗಳಿಲ್ಲವೆಂದಲ್ಲ. ದನಿಯಂತೆಯೇ ಎಳೆದು ನುಡಿಯುವ ಕೊಳಲು, ಶಹನಾಯಿಗಳ ಚೂರುಗಳು ಕೆಲವೊಮ್ಮೆ ದನಿಯ ಫೈಲಿಗೆ ಹೋಗಿಬಿಡುತ್ತವೆ. ಹಿನ್ನೆಲೆಯಲ್ಲಿ ಆ ಜಾಗ ಹುಳ ತಿಂದಂತೆ ಕೇಳುತ್ತದೆ. ಕೋರಸ್ಸನ್ನೂ ಅದು ಗಾಯಕರ ಜೊತೆಗೇ ಕಟ್ಟಿಹಾಕುತ್ತದೆ. ಸ್ಪ್ಲೀಟರಿನ ಸಾಮಾನ್ಯ ಮಾದರಿ 11 ಕಿಲೋಹರ್ಟ್ಸ್‌ವರೆಗೆ ಮಾತ್ರ ನೋಡುವುದರಿಂದ ಹೊಸ ಹಾಡುಗಳ ತಾಳದ ಝಣಝಣ ಸ್ವಲ್ಪ ಮಂಕಾಗುತ್ತದೆ. 60ರ ದಶಕದ ಮುದ್ರಣದಲ್ಲಿ ಅಷ್ಟು ಮೇಲಿನ ನಾದ ಮೊದಲೇ ಕಡಿಮೆ, ಆದ್ದರಿಂದ ನಷ್ಟ ಗೊತ್ತೇ ಆಗುವುದಿಲ್ಲ!

ಆದರೆ ಮನೆಯಲ್ಲಿ ಒಬ್ಬರೇ ಕೂತು ಕಲಿಯುವವರಿಗೆ ನಿಜವಾದ ಲಾಭ ಹಿನ್ನೆಲೆ ಸಿಕ್ಕಿದ್ದಲ್ಲ, ದನಿ ಬೇರೆಯಾಗಿ ಸಿಕ್ಕಿದ್ದು ಅಂತ ನನಗನ್ನಿಸುತ್ತದೆ. ಹಳೆಯ ಪೆಟ್ಟಿಗೆ ದನಿಯನ್ನು ಎಸೆದುಬಿಡುತ್ತಿತ್ತು, ಇದು ಎತ್ತಿಟ್ಟು ಕೊಡುತ್ತದೆ. ಸಂಗೀತ ಪಾಠದಲ್ಲಿ ಗುರುಗಳು ಮೊದಲು ಜೊತೆಗೆ ಹಾಡಿ, ಆಮೇಲೆ ದನಿ ತಗ್ಗಿಸಿ, ಕೊನೆಗೆ ಸುಮ್ಮನಾಗುತ್ತಾರಲ್ಲ, ಅದನ್ನೇ ಮಾಡಬಹುದು.

```
sox -m -v 1 accompaniment.wav -v 0.4 vocals.wav practice.wav
sox practice.wav low.wav pitch -300
```

ಮೊದಲ ಸಾಲು ಗಾಯಕರ ದನಿಯನ್ನು ಮೂಲದ 0.4ರಷ್ಟಕ್ಕೆ ಇಳಿಸಿ ಹಿನ್ನೆಲೆಗೆ ಸೇರಿಸುತ್ತದೆ. ನಾಲ್ಕು ದಿನ ಬಿಟ್ಟು 0.2, ಆಮೇಲೆ ಸೊನ್ನೆ. ಎರಡನೆಯ ಸಾಲು ಶ್ರುತಿ ಇಳಿಸುತ್ತದೆ, ವೇಗ ಹಾಗೇ ಇರುತ್ತದೆ. ಇಲ್ಲಿ 100 ಅಂದರೆ ಒಂದು ಅರ್ಧಸ್ವರ. -300 ಕೊಟ್ಟರೆ ಹಾರ್ಮೋನಿಯಂನ ಬಿಳಿ 4ರ ಹಾಡು ಬಿಳಿ 2ಕ್ಕೆ ಬರುತ್ತದೆ. ಮೇಲಿನ ಸ್ಥಾಯಿಯಲ್ಲಿ ಗಂಟಲು ಬಿಗಿಯುವುದು ಎಷ್ಟೋ ಸಲ ಹಾಡಲು ಬಾರದೆ ಅಲ್ಲ, ಗಾಯಕರ ಶ್ರುತಿ ನಮ್ಮದಲ್ಲ ಅಷ್ಟೆ. ಆದರೆ ಮಿತಿ ಮೀರಿ ಇಳಿಸಿದರೆ ತಬಲಾ ಒದ್ದೆ ಬಟ್ಟೆ ಬಡಿದಂತಾಗುತ್ತದೆ, 300ರ ಆಚೀಚೆಯಲ್ಲೇ ಇದ್ದರೆ ಕ್ಷೇಮ.

ಹಾಡುವಾಗ ವಯರಿನ ಇಯರ್‌ಫೋನನ್ನೇ ಹಾಕಿಕೊಳ್ಳಿ, ಒಂದು ಕಿವಿಗೆ ಮಾತ್ರ. ಇನ್ನೊಂದು ಕಿವಿ ನಿಮ್ಮ ದನಿಗೆ. ಬ್ಲೂಟೂತ್‌ನಲ್ಲಿ ಶಬ್ದ ತಡವಾಗಿ ಬರುವುದರಿಂದ, ಫೋನಿನಲ್ಲಿ ರೆಕಾರ್ಡ್ ಮಾಡಿ ಹಿನ್ನೆಲೆಗೆ ಸೇರಿಸಿದರೆ ನೀವು ತಾಳಕ್ಕಿಂತ ಹಿಂದೆ ಬಿದ್ದಂತೆ ಕೇಳುತ್ತದೆ, ನೀವು ಸರಿಯಾಗಿಯೇ ಹಾಡಿದ್ದರೂ. ಒಂದು ಲಾಭವೂ ಇದೆ: ಪಕ್ಕದ ಕೋಣೆಯವರಿಗೆ ಹಿನ್ನೆಲೆ ಸಂಗೀತವಿಲ್ಲದ ನಿಮ್ಮ ದನಿಯಷ್ಟೇ ಕೇಳುವುದರಿಂದ, ಯಾವ ಹಾಡು ಅಂತ ಅವರಿಗೆ ಬೇಗ ಗೊತ್ತಾಗುವುದಿಲ್ಲ :)

ನೆಗಿಶಿ 2024ರ ಜನವರಿಯಲ್ಲಿ ತೀರಿಕೊಂಡಾಗ ಆತನಿಗೆ ನೂರು ವರ್ಷವಾಗಿತ್ತು. ಹಾಡಿಗೂ ಹಾಡುವವನಿಗೂ ನಡುವೆ ಯಾರೋ ವಾದ್ಯಗಾರ ಬೇಕೇಬೇಕು ಎಂಬ ಕಾಲದಲ್ಲಿ ಶುರು ಮಾಡಿದವನು, ಐವತ್ತು ವರ್ಷ ಹಳೆಯ ಮೋನೊ ಹಾಡಿನಿಂದಲೂ ಹಿನ್ನೆಲೆಯನ್ನು ಬಿಡಿಸಿಕೊಳ್ಳುವ ಕಾಲವನ್ನೂ ಕಂಡೇ ಹೋದ.