ಎಂಟು ಗಂಟೆಯ ನಿದ್ರೆ ಎಲ್ಲರಿಗೂ ಬೇಕೇ?

ಪ್ರಶ್ನೆ: ದಿನಕ್ಕೆ ಎಂಟು ಗಂಟೆ ನಿದ್ರೆ ಕಡ್ಡಾಯವೇ? ತನಗೆಷ್ಟು ಬೇಕೆಂದು ತಿಳಿಯುವುದು ಹೇಗೆ?

ಉತ್ತರ: ಎಂಟು ಗಂಟೆ ಎಂಬುದು ಸ್ಥೂಲ ಅಂದಾಜೇ ಹೊರತು ನಿಯಮವಲ್ಲ. ಅಮೆರಿಕದ ನಿದ್ರಾತಜ್ಞರ ಸಂಘಟನೆಗಳು 2015ರಲ್ಲಿ ವಯಸ್ಕರಿಗೆ ಸೂಚಿಸಿದ್ದು ಕನಿಷ್ಠ ಏಳು ಗಂಟೆಯನ್ನು. ಆದರೆ ಆರೇ ಗಂಟೆ ಸಾಕೆನ್ನುವವರ ಮಾತನ್ನು ಸುಲಭವಾಗಿ ನಂಬಲಾಗದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎರಡು ವಾರ ನಿತ್ಯ ಆರು ಗಂಟೆಯಷ್ಟೇ ಮಲಗಿದವರ ಏಕಾಗ್ರತೆ ದಿನೇ ದಿನೇ ಕುಸಿಯಿತು. ಅದು ಬಹುಮಟ್ಟಿಗೆ ಅವರ ಅರಿವಿಗೇ ಬರಲಿಲ್ಲ.

ಆದ್ದರಿಂದ ಅನಿಸಿಕೆಗಿಂತ ಅಳತೆಯೇ ಮೇಲು. ಎರಡು ವಾರದ ರಜೆ ಸಿಕ್ಕಾಗ ಪ್ರತಿ ರಾತ್ರಿ ಒಂದೇ ಹೊತ್ತಿಗೆ ಮಲಗಿ, ಅಲಾರಂ ಇಡದೆ ತಾನಾಗಿ ಎಚ್ಚರವಾಗುವ ಸಮಯವನ್ನು ಬರೆದಿಡಬೇಕು. ಮಧ್ಯಾಹ್ನದ ನಿದ್ರೆ ಹಾಗೂ ಸಂಜೆಯ ಕಾಫಿ ಬೇಡ. ಉದಾಹರಣೆಗೆ, ಹತ್ತೂವರೆಗೆ ನಿದ್ರೆಹೋಗುವ ವ್ಯಕ್ತಿ ಮೊದಲ ನಾಲ್ಕೈದು ದಿನ ಎಂಟರವರೆಗೂ ಮಲಗಬಹುದು. ಅದು ಹಳೆಯ ಬಾಕಿಯ ತೀರುವಳಿ, ಲೆಕ್ಕಕ್ಕೆ ಹಿಡಿಯಬಾರದು. ಇಲ್ಲಿಯೇ ಹಲವರು ಎಡವಿ, ತಮಗೆ ಒಂಬತ್ತೂವರೆ ಗಂಟೆ ಬೇಕೆಂದು ಭಾವಿಸುವುದುಂಟು. ಎರಡನೆಯ ವಾರ ಎಚ್ಚರವು ಆರರ ಆಸುಪಾಸಿನಲ್ಲಿ ನೆಲೆನಿಂತರೆ, ಆ ವ್ಯಕ್ತಿಯ ಅಗತ್ಯ ಸುಮಾರು ಏಳೂವರೆ ಗಂಟೆ. ಮಧ್ಯಾಹ್ನದ ಸಭೆಯಲ್ಲೋ ಬಸ್ಸಿನಲ್ಲೋ ತೂಕಡಿಕೆ ಬಾರದಿದ್ದರೆ ಲೆಕ್ಕ ಸರಿಯೆನ್ನಬಹುದು.

ಒಂಬತ್ತು ಗಂಟೆ ಮಲಗಿದರೂ ಹಗಲಿನ ಮಂಪರು ಬಿಡದಿದ್ದರೆ, ಜೊತೆಗೆ ಜೋರು ಗೊರಕೆಯೂ ನಡುನಡುವೆ ಉಸಿರು ಕಟ್ಟುವುದೂ ಇದ್ದರೆ, ಈ ಅಳತೆ ನಿಷ್ಪ್ರಯೋಜಕ. ಅಲ್ಲಿ ಕೊರತೆಯಿರುವುದು ನಿದ್ರೆಯ ಗುಣದಲ್ಲಿ, ವೈದ್ಯರನ್ನು ಕಾಣಬೇಕು.