ಅವರನ್ನು ಏನೆಂದು ಕರೆಯೋಣ?

ಮನೆಮಂದಿಯೆಲ್ಲ ರೇಡಿಯೋ ಮುಂದೆ ಕುಳಿತಿರುವಾಗ ವಾರ್ತೆಯಲ್ಲಿ ‘ತೃತೀಯ ಲಿಂಗಿ’ ಎಂಬ ಮಾತು ಬಂದು, ಮಗುವೊಂದು ‘ಹಾಗೆಂದರೇನು?’ ಎಂದು ಕೇಳಿತೆನ್ನಿ. ಹಿರಿಯರ ಬಾಯಿಗೆ ಬರುವುದು ಒಂದೋ ಇಂಗ್ಲಿಷಿನ ಪದ, ಇಲ್ಲವೇ ಬೀದಿಯ ಬೈಗುಳ. ಕನ್ನಡದಲ್ಲಿ ಇದಕ್ಕೆ ಮರ್ಯಾದೆಯ ಮಾತೇ ಇಲ್ಲವೆ? ಇದೆ, ಆದರೆ ಅದು ದೊರೆತುದು ನಾವು ಸಾಮಾನ್ಯವಾಗಿ ಹುಡುಕುವ ಕಡೆಯಲ್ಲಲ್ಲ.

ಮೊದಲು ಹಳೆಯ ‘ನಪುಂಸಕ’ ಶಬ್ದವನ್ನೇ ನೋಡೋಣ. ಸಂಸ್ಕೃತದಲ್ಲಿ ಅದರ ಅರ್ಥ ‘ಗಂಡಲ್ಲದ್ದು’ ಎಂದು. ಏನು ಇಲ್ಲವೆಂಬುದನ್ನು ಹೇಳುತ್ತದೆಯೇ ಹೊರತು ಏನು ಇದೆಯೆಂಬುದನ್ನು ಹೇಳುವುದಿಲ್ಲ. ಕನ್ನಡಕ್ಕೆ ಬಂದ ಮೇಲೆ ಅದರ ಏಟು ಇನ್ನೂ ಬಲವಾಯಿತು. ಸಂಸ್ಕೃತದಲ್ಲಿ ಹೆಂಡತಿ ಎಂಬರ್ಥದ ‘ಕಲತ್ರ’ವೂ ನಪುಂಸಕಲಿಂಗವೇ, ಅಲ್ಲಿ ಲಿಂಗ ಶಬ್ದಕ್ಕೆ ಸೇರಿದ್ದು. ನಮ್ಮಲ್ಲಿ ಹಾಗಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ತೋರಿಸಿರುವಂತೆ ಕನ್ನಡದ ಲಿಂಗ ಅರ್ಥವನ್ನು ಹಿಡಿದು ನಡೆಯುತ್ತದೆ: ಗಂಡಸರು ಪುಲ್ಲಿಂಗ, ಹೆಂಗಸರು ಸ್ತ್ರೀಲಿಂಗ, ಉಳಿದುದೆಲ್ಲ ನಪುಂಸಕ. ಆದ್ದರಿಂದ ಮನುಷ್ಯರೊಬ್ಬರನ್ನು ಕನ್ನಡದಲ್ಲಿ ನಪುಂಸಕವೆಂದರೆ ಕಲ್ಲು ಮರಗಳ ಸಾಲಿಗೆ ತಳ್ಳಿದಂತೆ, ‘ಅದು ಬಂತು’ ಎಂದಂತೆ.

ಕಾನೂನಿನ ಮಾತೂ ಇದಕ್ಕಿಂತ ಮೇಲಾಗಿರಲಿಲ್ಲ. 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದಾಗ, ಅದರ ಎರಡನೆಯ ಭಾಗದಲ್ಲಿ ‘ಯೂನಕ್’ ಎಂಬ ಹೆಸರಿಟ್ಟು ಇವರನ್ನೂ ಸೇರಿಸಿತು. ಆ ಪದ ಬೀಜ ತೆಗೆಸಿಕೊಂಡವರಿಗೆ ಹೇಳುವಂಥದು. ಅದರಂತೆ ಪೊಲೀಸರ ಬಳಿ ಇವರ ಪಟ್ಟಿ ಇರಬೇಕಾಯಿತು. ಇದು ಹಳೆಯ ಕಾಲದ ಮಾತು ಎನ್ನುವಿರಾ? 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ 36ಎ ಎಂಬ ಪ್ರಕರಣ ಸೇರಿತು. ಅಲ್ಲಿಯೂ ಅದೇ ಪದ, ಅದೇ ಪಟ್ಟಿ, ಮಕ್ಕಳನ್ನು ಅಪಹರಿಸುವವರೆಂಬ ಅದೇ ಗುಮಾನಿ. ಲೈಂಗಿಕ ಅಲ್ಪಸಂಖ್ಯಾತರ ವೇದಿಕೆಯೊಂದು ಉಚ್ಚ ನ್ಯಾಯಾಲಯಕ್ಕೆ ಹೋದ ಬಳಿಕ, 2016ರಲ್ಲಿ ಆ ಪದವನ್ನು ತೆಗೆದು ‘ವ್ಯಕ್ತಿಗಳು’ ಎಂದು ಹಾಕಿದರು. ಒಂದು ಪದ ಹೋದೊಡನೆ ಒಂದು ಸಮುದಾಯದ ಮೇಲಿದ್ದ ಹಣೆಪಟ್ಟಿಯೂ ಕಾಯಿದೆಯಿಂದ ಹೋಯಿತು.

ಆದರೆ ಇದೇ ನಾಡಿನಲ್ಲಿ, ಸವದತ್ತಿಯ ಎಲ್ಲಮ್ಮನ ಗುಡ್ಡದ ಸುತ್ತ, ಬೇರೆಯೇ ಒಂದು ನುಡಿ ಬಳಕೆಯಲ್ಲಿತ್ತು. ಗಂಡಾಗಿ ಹುಟ್ಟಿ, ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು, ಸೀರೆಯುಟ್ಟು ಚೌಡಿಕೆ ನುಡಿಸುವವರನ್ನು ಅಲ್ಲಿಯ ಜನ ‘ಜೋಗಪ್ಪ’, ‘ಜೋಗತಿ’ ಎನ್ನುತ್ತಾರೆ. ಜೋಗತಿ ಮಂಜಮ್ಮನವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದಾಗಲೂ, 2021ರಲ್ಲಿ ಪದ್ಮಶ್ರೀ ಪಡೆದಾಗಲೂ ಆ ಹೆಸರನ್ನು ಬಿಡಲಿಲ್ಲ. ಹಾಗೆಂದು ಕಂಡವರನ್ನೆಲ್ಲ ಜೋಗತಿ ಎನ್ನಲಾಗದು. ಅದು ದೀಕ್ಷೆಯ ಹೆಸರು. ಎಲ್ಲಮ್ಮನಿಗೂ ತನಗೂ ಸಂಬಂಧವಿಲ್ಲದ, ಬೆಂಗಳೂರಿನ ಕಚೇರಿಯಲ್ಲಿ ಗುಮಾಸ್ತೆಯಾಗಿರುವವರಿಗೆ ಅದು ಸಲ್ಲದು.

ಪತ್ರಿಕೆಗಳು ಮೆಚ್ಚಿದ ‘ಮಂಗಳಮುಖಿ’ ಸೊಗಸಾದ ಪದವೇ. ಆದರೂ ಹೆಣ್ಣಾಗಿ ಬಾಳುವವರಿಗೆ ಮಾತ್ರ ಅದು ಒಪ್ಪುತ್ತದೆ. ‘ತೃತೀಯ ಲಿಂಗಿ’ಯಲ್ಲಿ ಬೈಗುಳವಿಲ್ಲ. ಆದರೆ ಮೊದಲನೆಯವರು, ಎರಡನೆಯವರು ಯಾರೆಂದು ಎಣಿಸಿದವರಾರು ಎಂಬ ಪ್ರಶ್ನೆ ಉಳಿಯುತ್ತದೆ. ತಾನು ಹೆಣ್ಣೇ ಎನ್ನುವವರಿಗೆ ‘ಮೂರನೆಯದು’ ಎಂಬುದು ಹಿತವಲ್ಲ. ನನ್ನ ಮಟ್ಟಿಗೆ ಹೆಚ್ಚು ಕೆಲಸಕ್ಕೆ ಬರುವುದು ‘ಲಿಂಗತ್ವ’ ಎಂಬ ಸಾದಾ ಪದ. ಲಿಂಗ ಎಂದರೆ ದೇಹ. ಲಿಂಗತ್ವ ಎಂದರೆ ತನ್ನನ್ನು ತಾನು ಗಂಡೆಂದೋ ಹೆಣ್ಣೆಂದೋ ಬೇರೆಯೆಂದೋ ಅರಿತುಕೊಂಡಿರುವುದು. ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬ ಉದ್ದನೆಯ ಮಾತು ಅರ್ಜಿಗೆ ಸರಿ, ಅಡುಗೆಮನೆಯ ಮಾತಿಗೆ ಭಾರ.

ಗಂಡನ್ನೇ ಒಲಿಯುವ ಗಂಡು, ಹೆಣ್ಣನ್ನೇ ಒಲಿಯುವ ಹೆಣ್ಣು — ಇದು ಬೇರೆ ಸಂಗತಿ, ಎರಡನ್ನೂ ಬೆರೆಸಬಾರದು. ಇಲ್ಲಿ ‘ಸಲಿಂಗಕಾಮಿ’ ಎಂಬುದೇ ರೂಢಿ. ಗಂಡ ಹೆಂಡಿರನ್ನು ನಾವು ಯಾರೂ ‘ಕಾಮಿಗಳು’ ಎನ್ನುವುದಿಲ್ಲವಷ್ಟೆ? ಇವರ ಬಾಳನ್ನು ಮಾತ್ರ ಹಾಸಿಗೆಯ ಅಳತೆಗೆ ಇಳಿಸುವುದೇಕೆ? ‘ಸಲಿಂಗಪ್ರೇಮಿ’ ಎಂದರೆ ಅರ್ಥಕ್ಕೆ ಯಾವ ಕೊರತೆಯೂ ಬಾರದು.

ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವವರಿಗೆ ತಮಿಳರು ‘ತಿರುನಂಬಿ’ ಎನ್ನುತ್ತಾರೆ, ‘ತಿರುನಂಗೈ’ಗೆ ಜೋಡಿಯಾಗಿ. ನಮ್ಮಲ್ಲಿ ಮಂಗಳಮುಖಿಗೆ ಅಂಥ ಜೋಡಿ ರೂಢಿಗೆ ಬಂದಿಲ್ಲ. ‘ಟ್ರಾನ್ಸ್ ಪುರುಷ’ ಎಂದೇ ನಡೆಯುತ್ತಿದೆ. ಅವರೇ ಹಾಗೆ ಹೇಳಿಕೊಳ್ಳುತ್ತಿದ್ದರೆ ನಾವೂ ಹಾಗೆಯೇ ಹೇಳಬಹುದು. ರೇಡಿಯೋ ಎಂಬುದೂ ಇಂಗ್ಲಿಷಿನಿಂದಲೇ ಬಂದುದಲ್ಲವೆ? ಹೆಸರು ತಿಳಿಯದೆಡೆ ‘ಅವರು’ ಎಂಬ ಸರ್ವನಾಮವಿದೆ. ಅದಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ, ಮರ್ಯಾದೆಯೂ ಅದರಲ್ಲಿಯೇ ಅಡಗಿದೆ. ‘ಅವರು ಬಂದರು’ ಎಂದು ಮಗುವಿಗೆ ಹೇಳಿಕೊಟ್ಟು, ‘ನಿಮ್ಮನ್ನು ಏನೆಂದು ಕರೆಯಲಿ?’ ಎಂದು ಬಂದವರನ್ನೇ ಕೇಳಬಹುದು.