‘ಗೌಡ’ ಅಂದರೆ ಯಾವ ಗೌಡ?

ನಮ್ಮ ಅಂಕೋಲಾ ಕಡೆ ‘ಗೌಡ’ ಅಂದರೆ ನಮಗೆ ಮೊದಲು ನೆನಪಾಗೋದು ಹಾಲಕ್ಕಿ ಒಕ್ಕಲಿಗರು, ಅಂದರೆ ಸುಕ್ರಿ ಬೊಮ್ಮಗೌಡ, ತುಳಸಿ ಗೌಡರ ಸಮುದಾಯ. ಮಂಡ್ಯದಲ್ಲಿ ಅದೇ ಹೆಸರಿಗೆ ಬೇರೆಯೇ ಅರ್ಥ. ಗಣತಿದಾರರು ಹೆಸರು ನೋಡಿ ಬರೀ ‘ಒಕ್ಕಲಿಗ’ ಅಂತ ಬರೆದುಕೊಂಡರೆ, ಎಸ್‌ಟಿ ಪಟ್ಟಿಗೆ ಸೇರಿಸಿ ಎಂದು ವರ್ಷಗಳಿಂದ ಕೇಳುತ್ತಿರುವ ಹಾಲಕ್ಕಿಗಳ ಲೆಕ್ಕವೇ ತಪ್ಪುತ್ತದೆ.

ಹಾಗಾದರೆ ಪಟ್ಟಿಯೇ ಇಲ್ಲದೆ, ಜನ ಹೇಳಿದ್ದನ್ನು ಹಾಗೇ ಬರೆದರೆ? 2011ರ ಕೇಂದ್ರ ಸಮೀಕ್ಷೆಯಲ್ಲಿ ಹಾಗೇ ಮಾಡಿದರು. 1931ರ ಜನಗಣತಿಯಲ್ಲಿ 4,147 ಇದ್ದ ಜಾತಿಗಳು 46 ಲಕ್ಷ ದಾಟಿದವು. ಉಪಜಾತಿ, ಅಡ್ಡಹೆಸರು, ಕಾಗುಣಿತದ ವ್ಯತ್ಯಾಸ ಎಲ್ಲವೂ ಬೇರೆ ಬೇರೆ ಜಾತಿಯಾಗಿ ಕೂತವು. ಹಾಗಾಗಿ ನನಗೆ ಸರಿ ಕಾಣೋದು ಎರಡು ಹೆಜ್ಜೆಯ ದಾರಿ: ಮೊದಲು ಅವರ ಮಾತಲ್ಲೇ ಬರೆದುಕೊಳ್ಳಬೇಕು, ಆಮೇಲೆ ಆ ಊರಿನ ಪಟ್ಟಿ ಓದಿ ಹೇಳಿ ಅವರಿಂದಲೇ ಖಚಿತ ಮಾಡಿಸಿಕೊಳ್ಳಬೇಕು.

ಕೆಲವರು ಹೇಳೋದಕ್ಕೇ ಹಿಂಜರಿಯುತ್ತಾರೆ. ಪಕ್ಕದ ಮನೆಯವರು ಕೇಳಿಸಿಕೊಳ್ಳುತ್ತಿರಬಹುದು, ಗಂಡ ಹೆಂಡತಿಯ ಜಾತಿ ಬೇರೆ ಇರಬಹುದು, ಈ ಮಾಹಿತಿ ಯಾರ ಕೈಗೆ ಹೋಗುತ್ತೋ ಅನ್ನೋ ಭಯ ಇರಬಹುದು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸಮೀಕ್ಷೆ ಶುರುವಾದಾಗ, ಉತ್ತರಿಸುವುದು ಕಡ್ಡಾಯವಲ್ಲ, ಅದನ್ನು ಜನರಿಗೆ ತಿಳಿಸಬೇಕು ಎಂದಿತು ಹೈಕೋರ್ಟ್. ಆದರೆ ‘ಹೇಳಲು ಇಷ್ಟವಿಲ್ಲ’, ‘ಗೊತ್ತಿಲ್ಲ’, ‘ಜಾತಿ ಇಲ್ಲ’ ಇವು ಮೂರೂ ಬೇರೆ ಉತ್ತರಗಳು. ಮೂರಕ್ಕೂ ಒಂದೇ ಖಾಲಿ ಜಾಗ ಬಿಟ್ಟರೆ, ಯಾವ ಊರಲ್ಲಿ ಜನ ಹೇಳಲು ಹೆದರಿದರು ಅನ್ನೋದು ಮುಂದೆ ಯಾರಿಗೂ ಗೊತ್ತಾಗೋದಿಲ್ಲ.